ಕನೆ ನೀರು ಹಾರುವಾಗಲೇ ಗೇಮ್ ನಿಲ್ಲುತ್ತದೆ: ವಲ್ಕನ್ ಇಟ್ಟುಕೊಳ್ಳಲಾ, ಓಪನ್‌ಜಿಎಲ್‌ಗೆ ಹೋಗಲಾ?

ಕರೆಬದಿ

ನಮಸ್ಕಾರ ಎಲ್ಲರಿಗೂ. ನಾನೂ ನನ್ನ ತಮ್ಮನೂ ಸೇರಿ ಯೂನಿಟಿಯಲ್ಲಿ ಒಂದು ಕಂಬಳದ ಗೇಮ್ ಮಾಡುತ್ತಿದ್ದೇವೆ. ಆಂಡ್ರಾಯ್ಡ್‌ಗೆ ಮಾತ್ರ. ಹಗ್ಗ, ನೇಗಿಲು ವಿಭಾಗ ಎಲ್ಲ ಮುಗಿದಿದೆ, ಈಗ ಕನೆಹಲಗೆಯಲ್ಲಿ ಸಿಕ್ಕಿಬಿದ್ದಿದ್ದೇವೆ. ಗೊತ್ತಿಲ್ಲದವರಿಗೆ: ಕನೆಹಲಗೆಯಲ್ಲಿ ಯಾವ ಜೋಡಿ ಮೊದಲು ಮುಟ್ಟಿತು ಅನ್ನುವುದು ಲೆಕ್ಕಕ್ಕಿಲ್ಲ. ಹಲಗೆಯ ತೂತಿನಿಂದ ನೀರು ಎಷ್ಟು ಮೇಲೆ ಚಿಮ್ಮಿತು ಅನ್ನುವುದೇ ಆಟ. ಮೇಲೆ ಆರೂವರೆ ಕೋಲು, ಏಳೂವರೆ ಕೋಲಿನಲ್ಲಿ ನಿಶಾನೆ ಬಟ್ಟೆ ಕಟ್ಟಿರುತ್ತಾರೆ, ಅದಕ್ಕೆ ನೀರು ಮುಟ್ಟಬೇಕು. ನಮ್ಮ ಗೇಮಿನಲ್ಲೂ ಸರಿಯಾದ ಹೊತ್ತಿಗೆ ಒತ್ತಿದರೆ ನೀರು ಹಾರುತ್ತದೆ.

ತೊಂದರೆ ಏನೆಂದರೆ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೊದಲ ಸಲ ನೀರು ಹಾರಿಸಿದಾಗ ಇಡೀ ಪರದೆ ಒಂದು ಕ್ಷಣ ನಿಂತುಬಿಡುತ್ತದೆ. ಅಳೆದು ನೋಡಿದೆ, ಆ ಒಂದು ಫ್ರೇಮ್ ಸುಮಾರು 190 ಮಿಲಿಸೆಕೆಂಡ್ ತಗೊಳ್ಳುತ್ತದೆ. 60 ಫ್ರೇಮ್ ಲೆಕ್ಕದಲ್ಲಿ ಒಂದಕ್ಕೆ ಸಿಗುವುದು 16.6. ಎರಡನೇ ಸಲ ಏನೂ ಇಲ್ಲ, ಬೆಣ್ಣೆ ಹಾಗೆ ಓಡುತ್ತದೆ. ಆಪ್ ಮುಚ್ಚಿ ತೆಗೆದರೂ ಇಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೆ ಮತ್ತೆ ಬರುತ್ತದೆ.

ತಮ್ಮ ಹೇಳುತ್ತಾನೆ ಇದು ವಲ್ಕನ್ ಕಾಟ, ಓಪನ್‌ಜಿಎಲ್ ಇಎಸ್ ಮಾತ್ರ ಇಟ್ಟುಕೊಳ್ಳೋಣ ಅಂತ. ನಾನು ಅದರ ಉಲ್ಟಾ ಓದಿದ್ದೇನೆ. ಯಾವುದು ಸರಿ?

ಸ್ಪೀಡ್‌ಬ್ರೇಕರ್

ತಮ್ಮ ಹೇಳಿದ್ದು ತಪ್ಪು ಗುರು. ಓಪನ್‌ಜಿಎಲ್‌ನಲ್ಲಿ ಶೇಡರ್ ಫೋನಿನಲ್ಲೇ ಕಂಪೈಲ್ ಆಗುತ್ತದೆ, ಅದಕ್ಕೇ ನಿಲ್ಲುವುದು. ವಲ್ಕನ್‌ನಲ್ಲಿ ಮೊದಲೇ ಕಂಪೈಲ್ ಮಾಡಿ ಸ್ಪಿರ್-ವಿ ಅಂತ ಎಪಿಕೆ ಒಳಗೆ ಹಾಕಿರುತ್ತಾರೆ. ವಲ್ಕನ್ ಮಾತ್ರ ಇಡು, ಮುಗೀತು.

ಗೇಮರ್_ಗದಗ

ನಂದೂ ಇದೇ ಕಥಿ ರೀ. ನನ್ನ ಫೋನಿನ್ಯಾಗ ಪಿಎಸ್‌ಪಿ ಎಮ್ಯುಲೇಟರ್ ಐತಿ, ಅದರಾಗ ಬ್ಯಾಕೆಂಡ್ ಅಂತ ಕೇಳ್ತದ. ವಲ್ಕನ್ ಹಾಕಿದ್ರೂ ಹಿಡಕೊಂಡು ನಿಲ್ತದ, ಓಪನ್‌ಜಿಎಲ್ ಹಾಕಿದ್ರೂ ನಿಲ್ತದ. ಯಾವುದು ಇಡ್ಲಿ? ರ‍್ಯಾಮ್ 4 ಜಿಬಿ ಐತಿ.

ಮೂರನೇಬೆಂಚು

@ಗೇಮರ್_ಗದಗ ಅಣ್ಣ, ಅವರು ಗೇಮ್ ಮಾಡುವವರು, ನೀವು ಆಡುವವರು. ಪ್ರಶ್ನೆ ಬೇರೆ.

ಬೈಟುಕಾಫಿ

@ಸ್ಪೀಡ್‌ಬ್ರೇಕರ್ ಅರ್ಧ ಸರಿ ಹೇಳಿದ್ದೀರಿ, ಉಳಿದ ಅರ್ಧದಲ್ಲೇ ಇವರ 190 ಮಿಲಿಸೆಕೆಂಡ್ ಕೂತಿದೆ.

ಸ್ಪಿರ್-ವಿ ಅಂದರೆ ರುಬ್ಬಿಟ್ಟ ಹಿಟ್ಟು. ಓಪನ್‌ಜಿಎಲ್ ಇಎಸ್‌ನಲ್ಲಿ ಅಕ್ಕಿ ಉದ್ದನ್ನೇ ಕೊಟ್ಟು ಕಳಿಸುತ್ತೀರಿ, ಅಂದರೆ ಜಿಎಲ್‌ಎಸ್‌ಎಲ್ ಪಠ್ಯವನ್ನು. ಫೋನಿನ ಡ್ರೈವರ್ ಅದನ್ನು ಓದಿ, ತಪ್ಪಿದೆಯಾ ನೋಡಿ, ರುಬ್ಬಿ, ಆಮೇಲೆ ದೋಸೆ ಹುಯ್ಯಬೇಕು. ವಲ್ಕನ್‌ನಲ್ಲಿ ರುಬ್ಬುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಮುಗಿದಿರುತ್ತದೆ. ಆದರೆ ಕಾವಲಿ ಮೇಲೆ ಹುಯ್ಯುವುದು ಫೋನಿನಲ್ಲೇ ಆಗಬೇಕು, ಯಾಕೆಂದರೆ ಒಬ್ಬೊಬ್ಬರ ಕಾವಲಿ ಒಂದೊಂದು ಥರ. ಅಡ್ರಿನೊ ಜಿಪಿಯುಗೆ ಬೇಕಾದ ಯಂತ್ರದ ಕೋಡ್ ಮಾಲಿ ಜಿಪಿಯುಗೆ ಆಗುವುದಿಲ್ಲ. ಮಾಲಿಯಲ್ಲೇ ಒಂದು ತಲೆಮಾರಿನದು ಇನ್ನೊಂದಕ್ಕೆ ಆಗುವುದಿಲ್ಲ, ಅದೇ ಫೋನಿನಲ್ಲಿ ಡ್ರೈವರ್ ಬದಲಾದರೂ ಹಳೆಯದು ನಡೆಯಬೇಕೆಂದಿಲ್ಲ. ಅದಕ್ಕೇ ಎಪಿಕೆ ಒಳಗೆ ತಯಾರಾದ ಕೋಡ್ ಹಾಕಿ ಕಳಿಸಲು ಆಗುವುದಿಲ್ಲ.

ವಲ್ಕನ್‌ನಲ್ಲಿ ಈ ಹುಯ್ಯುವ ಕೆಲಸ ನಡೆಯುವುದು `vkCreateGraphicsPipelines` ಅನ್ನುವ ಕರೆಯಲ್ಲಿ. ಶೇಡರ್ ಒಂದೇ ಅಲ್ಲ, ಅದರ ಜೊತೆ ಯಾವ ಬ್ಲೆಂಡ್, ವರ್ಟೆಕ್ಸ್ ಹೇಗೆ ಜೋಡಿಸಿದೆ, ಯಾವ ಥರದ ರೆಂಡರ್ ಟಾರ್ಗೆಟ್‌ಗೆ ಬಿಡಿಸುತ್ತೀರಿ, ಎಂಎಸ್‌ಎಎ ಎಷ್ಟು, ಇಷ್ಟನ್ನೂ ಒಟ್ಟಿಗೆ ಕೊಡಬೇಕು. ಎಲ್ಲ ಸೇರಿ ಒಂದು ಪೈಪ್‌ಲೈನ್. ಎಂಜಿನ್‌ಗೆ ಈ ವಿವರವೆಲ್ಲ ಒಟ್ಟಿಗೆ ಸಿಗುವುದು ಆ ವಸ್ತುವನ್ನು ಮೊದಲ ಸಲ ಬಿಡಿಸುವಾಗಲೇ. ಆದ್ದರಿಂದ ಆಗಲೇ ಪೈಪ್‌ಲೈನ್ ಮಾಡುತ್ತದೆ. ನಿಮ್ಮ ಕನೆ ನೀರು ಮೊದಲ ಸಲ ಹಾರಿದ ಕ್ಷಣ ಅದೇ.

ಹಾಗಾಗಿ ಬ್ಯಾಕೆಂಡ್ ಬದಲಿಸಿದರೆ 190 ಇದ್ದದ್ದು 140 ಆಗಬಹುದು, 220 ಆಗಬಹುದು. ಸೊನ್ನೆ ಆಗುವುದಿಲ್ಲ.

ಸ್ಪೀಡ್‌ಬ್ರೇಕರ್

ಸರಿ ಒಪ್ಪಿದೆ. ಆದರೆ ಓಪನ್‌ಜಿಎಲ್‌ನಲ್ಲಿ `glLinkProgram` ಲೋಡಿಂಗ್‌ನಲ್ಲೇ ಮಾಡಿ ಮುಗಿಸಬಹುದಲ್ವಾ? ಆಮೇಲೆ ಬಿಡಿಸುವಾಗ ಏನು ಉಳಿಯುತ್ತದೆ?

ಬೈಟುಕಾಫಿ

ಹೆಸರಿಗೆ ಮುಗಿಸಬಹುದು. ಡ್ರೈವರ್ "ಆಯ್ತು ಆಯ್ತು" ಅಂತ ತಲೆ ಆಡಿಸಿ, ನಿಜವಾದ ಕೆಲಸವನ್ನು ಮೊದಲ ಡ್ರಾ ಕಾಲ್‌ವರೆಗೆ ಮುಂದೂಡುವುದುಂಟು. ಅದಕ್ಕೆ ಕಾರಣವೂ ಇದೆ. ಕೆಲವು ಮೊಬೈಲ್ ಜಿಪಿಯುಗಳಲ್ಲಿ ಬ್ಲೆಂಡ್ ಮಾಡಲು ಬೇರೆ ಹಾರ್ಡ್‌ವೇರ್ ಇಲ್ಲ, ಫ್ರಾಗ್ಮೆಂಟ್ ಶೇಡರಿನ ಕೊನೆಗೇ ಆ ಕೋಡ್ ಅಂಟಿಸುತ್ತಾರೆ. ಲಿಂಕ್ ಮಾಡುವ ಹೊತ್ತಿಗೆ ನೀವು ಯಾವ ಬ್ಲೆಂಡ್ ಹಾಕುತ್ತೀರಿ ಅಂತ ಡ್ರೈವರ್‌ಗೆ ಹೇಗೆ ಗೊತ್ತಾಗಬೇಕು? `glBlendFunc` ಬರುವುದು ಆಮೇಲೆ. ಹಾಗಾಗಿ ಒಂದೇ ಶೇಡರ್ ಅನ್ನು ಬೇರೆ ಬ್ಲೆಂಡ್‌ನಲ್ಲಿ ಬಳಸಿದರೆ ಒಳಗೊಳಗೇ ಇನ್ನೊಂದು ಸಲ ಕಂಪೈಲ್ ಆಗುತ್ತದೆ. ನಿಮಗೆ ಹೇಳುವುದೂ ಇಲ್ಲ.

ವಲ್ಕನ್ ಈ ಗುಟ್ಟನ್ನು ಬಯಲಿಗೆ ತಂದಿತು, ಅಷ್ಟೇ. "ಎಲ್ಲ ವಿವರ ಮೊದಲೇ ಕೊಡಿ, ಆಗಲೇ ಕಂಪೈಲ್ ಮಾಡುತ್ತೇನೆ" ಅನ್ನುತ್ತದೆ. ಯಾವಾಗ ಕೊಡಬೇಕು ಅನ್ನುವ ಹೊಣೆ ಈಗ ನಮ್ಮದು.

ಪದಕೋಶ

ನಡುವೆ ಬಾಯಿ ಹಾಕುತ್ತೇನೆ. ಶೇಡರ್‌ಗೆ ಯಾರೋ "ನೆರಳುಕ" ಅಂತ ಬರೆದದ್ದು ನೋಡಿದೆ. ನೆರಳು ಅಂದರೆ ಶ್ಯಾಡೋ ಅಲ್ವಾ? ಶೇಡರ್ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್. "ಬಣ್ಣಗಾರ" ಅನ್ನಬಹುದಾ?

ಮೂರನೇಬೆಂಚು

ಬಣ್ಣಗಾರ ಚೆನ್ನಾಗಿದೆ, ಆದರೆ ವರ್ಟೆಕ್ಸ್ ಶೇಡರ್ ಬಣ್ಣ ಹಚ್ಚುವುದಿಲ್ಲ, ಮೂಲೆಗಳನ್ನು ಎಲ್ಲಿಡಬೇಕು ಅಂತ ಹೇಳುತ್ತದೆ. ಮೇಸ್ತ್ರಿ ಅನ್ನೋಣ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ ಸರ್.

ಮೂಲ ಪ್ರಶ್ನೆಗೆ ನನ್ನ ಅಭಿಪ್ರಾಯ: ಇಬ್ಬರೇ ಮಾಡುತ್ತಿರುವ ಗೇಮ್, ಓಪನ್‌ಜಿಎಲ್ ಇಎಸ್ 3 ಮಾತ್ರ ಇಟ್ಟುಕೊಳ್ಳಿ. ನಾನು ಹೋದ ಗೇಮಿನಲ್ಲಿ ಎರಡನ್ನೂ ಇಟ್ಟಿದ್ದೆ. ಒಂದು ಹಳೇ ಫೋನಿನಲ್ಲಿ ವಲ್ಕನ್ ಇದೆ ಅಂತ ಡ್ರೈವರ್ ಹೇಳುತ್ತಿತ್ತು, ಗೇಮ್ ತೆಗೆದರೆ ಎರಡು ನಿಮಿಷಕ್ಕೆ ಕ್ರ್ಯಾಶ್. ಕಂಪನಿ ಹೆಸರು ಬೇಡ. ಆ ಫೋನ್ ನನ್ನ ಹತ್ತಿರ ಇರಲಿಲ್ಲ. ಸಿಕ್ಕಿದ್ದು ಒಂದು ಸ್ಟಾರ್ ವಿಮರ್ಶೆ ಮಾತ್ರ. ಎರಡು ಬ್ಯಾಕೆಂಡ್ ಅಂದರೆ ಪರೀಕ್ಷೆ ಎರಡರಷ್ಟು.

ಬೈಟುಕಾಫಿ

ಹಳೇ ಫೋನಿನ ವಿಷಯ ಒಪ್ಪುತ್ತೇನೆ. ವಲ್ಕನ್ ಆಂಡ್ರಾಯ್ಡ್‌ಗೆ ಬಂದಿದ್ದು 2016ರಲ್ಲಿ 7.0 ಜೊತೆ, ಮೊದಮೊದಲ ಡ್ರೈವರ್‌ಗಳು ಕಚ್ಚಾ ಇದ್ದವು. ಆದರೆ ಮುಂದಕ್ಕೆ ಏನು ಅಂತಲೂ ನೋಡಬೇಕು. 2025ರಲ್ಲಿ ಗೂಗಲ್ ವಲ್ಕನ್ನೇ ಆಂಡ್ರಾಯ್ಡ್‌ನ ಅಧಿಕೃತ ಗ್ರಾಫಿಕ್ಸ್ ಎಪಿಐ ಅಂತ ಹೇಳಿಬಿಟ್ಟಿದೆ. ಹೊಸ ಫೋನುಗಳು ಆ್ಯಂಗಲ್ ಕಡೆ ಹೋಗುತ್ತಿವೆ. ಅಲ್ಲಿ ನೀವು ಓಪನ್‌ಜಿಎಲ್ ಇಎಸ್‌ನಲ್ಲಿ ಬರೆದರೂ ಕೆಳಗೆ ಅದು ವಲ್ಕನ್‌ಗೆ ಅನುವಾದ ಆಗಿಯೇ ಹೋಗುತ್ತದೆ. ಓಪನ್‌ಜಿಎಲ್ ಮಾತ್ರ ಇಟ್ಟರೆ ವಲ್ಕನ್ ತಪ್ಪಿಸಿಕೊಂಡಂತೆ ಅಂತ ಅಂದುಕೊಳ್ಳಬೇಡಿ.

@ಕರೆಬದಿ ಒಂದು ಪ್ರಶ್ನೆ. ಆ 190 ಯಾವ ಬ್ಯಾಕೆಂಡ್‌ನದು? ಗೇಮಿನೊಳಗೆ `SystemInfo.graphicsDeviceType` ಪರದೆ ಮೇಲೆ ಬರೆಸಿ ನೋಡಿದ್ದೀರಾ? ಒಂದು ದೃಶ್ಯಕ್ಕೆ ಡ್ರಾ ಕಾಲ್ ಎಷ್ಟು?

ಕರೆಬದಿ

ನಾಚಿಕೆ ಆಗುತ್ತಿದೆ. ಈಗ ಬರೆಸಿ ನೋಡಿದೆ. ನನ್ನ ಫೋನಿನಲ್ಲಿ `Vulkan`, ತಮ್ಮನದರಲ್ಲಿ `OpenGLES3`. ಇಬ್ಬರೂ ವಲ್ಕನ್ ಅಂದುಕೊಂಡು ಒಂದು ವಾರ ಜಗಳ ಆಡಿದ್ದೇವೆ. ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ Auto Graphics API ಟಿಕ್ ಆಗಿತ್ತು. ತೆಗೆದು ಒಂದೊಂದನ್ನೇ ಬಲವಂತವಾಗಿ ಹಾಕಿ ನನ್ನ ಫೋನಿನಲ್ಲೇ ಅಳೆದೆ: ವಲ್ಕನ್ 190, ಓಪನ್‌ಜಿಎಲ್ ಇಎಸ್ 230 ಹತ್ತಿರ. ಎರಡರಲ್ಲೂ ನಿಲ್ಲುತ್ತದೆ. ಡ್ರಾ ಕಾಲ್ 120 ಆಸುಪಾಸು.

ಇನ್ನೊಂದು ವಿಚಿತ್ರ. ಇವತ್ತು ಎರಡನೇ ಸಲ ಅಳೆಯುವಾಗ ಓಪನ್‌ಜಿಎಲ್‌ನಲ್ಲಿ ನಿಲ್ಲಲೇ ಇಲ್ಲ. ಮಧ್ಯಾಹ್ನ ಹೊಸ ಬಿಲ್ಡ್ ಹಾಕಿದರೆ ಮತ್ತೆ ನಿಂತಿತು.

ಬೈಟುಕಾಫಿ

120 ಡ್ರಾ ಕಾಲ್‌ಗೆ ವಲ್ಕನ್‌ನಿಂದ ವೇಗದಲ್ಲಿ ದೊಡ್ಡ ಲಾಭ ಕಾಣುವುದಿಲ್ಲ. ಸಾವಿರಗಟ್ಟಲೆ ಡ್ರಾ ಕಾಲ್ ಇದ್ದು ಸಿಪಿಯು ಏದುಸಿರು ಬಿಡುತ್ತಿದ್ದರೆ ಅದರ ಮಾತು ಬೇರೆ.

ಆ ವಿಚಿತ್ರಕ್ಕೆ ಕಾರಣ ಕ್ಯಾಶೆ. ಆಂಡ್ರಾಯ್ಡ್ ತಾನೇ ಓಪನ್‌ಜಿಎಲ್‌ನ ಕಂಪೈಲ್ ಆದ ಶೇಡರ್‌ಗಳನ್ನು ಆಪ್‌ನ `code_cache` ಫೋಲ್ಡರಿನಲ್ಲಿ ಎತ್ತಿಡುತ್ತದೆ. ಎರಡನೇ ಸಲ ಅಲ್ಲಿಂದಲೇ ಓದುತ್ತದೆ, ಅದಕ್ಕೇ ಬೆಣ್ಣೆ. ಆದರೆ ಆಪ್ ಅಪ್‌ಡೇಟ್ ಆದರೂ, ಫೋನಿನ ಸಿಸ್ಟಮ್ ಅಪ್‌ಡೇಟ್ ಆದರೂ ಆ ಫೋಲ್ಡರನ್ನು ಆಂಡ್ರಾಯ್ಡ್ ಖಾಲಿ ಮಾಡುತ್ತದೆ. ನೀವು ಹೊಸ ಬಿಲ್ಡ್ ಹಾಕಿದಾಗ ಆದದ್ದು ಅದೇ. ಇನ್ನೊಂದು, ಹಳೇ ಆಂಡ್ರಾಯ್ಡ್‌ಗಳಲ್ಲಿ ಈ ಕ್ಯಾಶೆಗೆ ಒಟ್ಟು 2 ಎಂಬಿ ಮಾತ್ರ ಜಾಗ. ಶೇಡರ್ ಜಾಸ್ತಿ ಇದ್ದರೆ ಕೆಲವನ್ನು ಹೊರಗೆ ಹಾಕುತ್ತದೆ, ಆಗ "ಯಾವಾಗಲೋ ಒಮ್ಮೊಮ್ಮೆ ನಿಲ್ಲುತ್ತದೆ" ಅನ್ನುವ ದೂರು ಬರುತ್ತದೆ.

ಹಾಗಾಗಿ ಪ್ರತಿ ಸಲ ಅಳೆಯುವ ಮುಂಚೆ ಇದನ್ನು ಓಡಿಸಿ. ಇಲ್ಲದಿದ್ದರೆ ನಿಮ್ಮ ಅಳತೆಗೆ ಬೆಲೆ ಇಲ್ಲ.

```
adb shell pm clear com.example.kambala
adb shell "dumpsys SurfaceFlinger | grep GLES"
```

ಮೊದಲನೆಯದು ಆಪ್‌ನ ಡೇಟಾ, ಕ್ಯಾಶೆ ಎಲ್ಲ ಒರೆಸುತ್ತದೆ. ಎರಡನೆಯದು ಜಿಪಿಯು ಹೆಸರು, ಡ್ರೈವರ್ ಆವೃತ್ತಿ ತೋರಿಸುತ್ತದೆ. ಅದನ್ನೂ ಅಳತೆಯ ಪಕ್ಕ ಬರೆದಿಡಿ.

ಗೇಮರ್_ಗದಗ

ಒಂದ್ ನಿಮಿಷ ರೀ. ಕ್ಯಾಶೆ ಒರೆಸಿದ್ರ ಮತ್ತ ನಿಲ್ತದ ಅಂದ್ರಿ. ನಾ ದಿನಾ ರಾತ್ರಿ ಕ್ಲೀನರ್ ಆಪ್ ಹಚ್ಚಿ ಕ್ಯಾಶೆ ಎಲ್ಲಾ ಕ್ಲೀನ್ ಮಾಡ್ತೀನಿ, ಫೋನ್ ಫಾಸ್ಟ್ ಆಗ್ಲಿ ಅಂತ.

ಮೂರನೇಬೆಂಚು

😂😂 ಅಣ್ಣ, ಕ್ಷಮಿಸಿ. ನಿಮ್ಮ ಪ್ರಶ್ನೆ ಬೇರೆ ಅಲ್ಲ, ಇದೇ.

ಬೈಟುಕಾಫಿ

ಗದಗದವರೇ, ಒಂದು ವಾರ ಆ ಆಪ್ ಮುಟ್ಟಬೇಡಿ. ಬ್ಯಾಕೆಂಡ್ ಕೂಡ ದಿನಾ ಬದಲಿಸಬೇಡಿ, ಎರಡರ ಕ್ಯಾಶೆ ಬೇರೆ ಬೇರೆ. ಒಂದನ್ನೇ ಇಟ್ಟು ಆಡಿ ನೋಡಿ. ಅದೇ ಜಾಗಕ್ಕೆ ಎರಡನೇ ದಿನ ಬಂದಾಗ ನಿಲ್ಲಲಿಲ್ಲ ಅಂದರೆ ಕಾರಣ ಇದೇ. ಆಮೇಲೂ ನಿಂತರೆ ಬೇರೆ ಏನೋ ಇದೆ.

ಮ್ಯೂನಿಕ್‌ಮಳೆ

ನಾನು ಗೇಮ್ ಮಾಡುವವಳಲ್ಲ, ಇಲ್ಲಿ ಜರ್ಮನಿಯಲ್ಲಿ ಫ್ಲಟರ್‌ನಲ್ಲಿ ಆಪ್ ಬರೆಯುತ್ತೇನೆ. ನಮಗೂ ಇದೇ ರಗಳೆ ಇತ್ತು. ಮೊದಲ ಸಲ ಒಂದು ಪುಟ ಜಾರಿಸಿದರೆ ಎಡವುತ್ತಿತ್ತು, ಎರಡನೇ ಸಲ ಇಲ್ಲ. ಅವರು ಇಂಪೆಲ್ಲರ್ ಅಂತ ಹೊಸ ರೆಂಡರರ್ ಬರೆದು, ಬೇಕಾದ ಶೇಡರ್‌ಗಳ ಪಟ್ಟಿಯನ್ನೇ ಚಿಕ್ಕದಾಗಿ ಗಟ್ಟಿ ಮಾಡಿ, ಫ್ಲಟರ್ ಎಂಜಿನ್ ಕಟ್ಟುವಾಗಲೇ ಸಿದ್ಧ ಮಾಡಿಬಿಟ್ಟರು. ಗೇಮಿನಲ್ಲಿ ಹಾಗೆ ಆಗಲ್ವಾ?

ಬೈಟುಕಾಫಿ

ಬಟನ್, ಅಕ್ಷರ, ಮೂಲೆ ಉರುಟು ಮಾಡಿದ ಚೌಕ, ಇಷ್ಟೇ ಬಿಡಿಸುವಾಗ ಪಟ್ಟಿ ಚಿಕ್ಕದಾಗಿರುತ್ತದೆ ಮೇಡಂ. ಗೇಮಿನಲ್ಲಿ ಕಲಾವಿದ ಸಂಜೆ ಒಂದು ಹೊಸ ಮೆಟೀರಿಯಲ್ ಹಾಕಿ ಮನೆಗೆ ಹೋಗುತ್ತಾನೆ, ಪಟ್ಟಿ ಬದಲಾಯಿತು. ಆದರೆ ಉಪಾಯದ ದಿಕ್ಕು ಅದೇ: ಏನೇನು ಬೇಕು ಅಂತ ಮೊದಲೇ ಗೊತ್ತುಮಾಡಿಕೊಂಡು, ಆಟ ಶುರುವಾಗುವ ಮುಂಚೆ ಮಾಡಿಸಿಡುವುದು.

ಕರೆಬದಿ

`ShaderVariantCollection` ಮಾಡಿ ಲೋಡಿಂಗ್ ಪರದೆಯಲ್ಲಿ `WarmUp()` ಕರೆದೆ. ಓಪನ್‌ಜಿಎಲ್ ಇಎಸ್‌ನಲ್ಲಿ 230 ಇದ್ದದ್ದು 30ಕ್ಕೆ ಬಂತು. ವಲ್ಕನ್‌ನಲ್ಲಿ 190 ಇದ್ದದ್ದು 170. ಏನು ಪ್ರಯೋಜನ? ಪ್ರೊಫೈಲರ್‌ನಲ್ಲಿ ನೋಡಿದರೆ `Shader.CreateGPUProgram` ಈಗ ಲೋಡಿಂಗ್‌ನಲ್ಲೇ ಬರುತ್ತಿದೆ, ಅಂದರೆ ವಾರ್ಮಪ್ ನಡೆದಿದೆ. ಆದರೂ ನೀರು ಹಾರುವಾಗ ನಿಲ್ಲುತ್ತದೆ. ತಮ್ಮ "ನೋಡಿದ್ಯಾ" ಅಂತ ನಗುತ್ತಿದ್ದಾನೆ.

ಬೈಟುಕಾಫಿ

ತಮ್ಮ ಸ್ವಲ್ಪ ತಡೆದು ನಗಲಿ.

ಆ `WarmUp` ಶೇಡರನ್ನು ತಯಾರು ಮಾಡುತ್ತದೆ, ಆದರೆ ನಿಮ್ಮ ನೀರು ಯಾವ ರೆಂಡರ್ ಟಾರ್ಗೆಟ್‌ಗೆ, ಯಾವ ವರ್ಟೆಕ್ಸ್ ಜೋಡಣೆಯಲ್ಲಿ ಹೋಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಓಪನ್‌ಜಿಎಲ್‌ಗೆ ಅದು ಬಹುಪಾಲು ಸಾಕು. ವಲ್ಕನ್‌ಗೆ ಸಾಲದು, ಪೈಪ್‌ಲೈನ್ ಇನ್ನೂ ಆಗಿಲ್ಲ. ನಿಮ್ಮ ಮುಖ್ಯ ಕ್ಯಾಮೆರಾದಲ್ಲಿ ಎಚ್‌ಡಿಆರ್ ಇದೆಯಾ? ಎಂಎಸ್‌ಎಎ?

ಕರೆಬದಿ

ಎರಡೂ ಇದೆ. ಎಂಎಸ್‌ಎಎ 4.

ಬೈಟುಕಾಫಿ

ಹಾಗಾದರೆ ಅದೇ. ಯೂನಿಟಿ 6 ಆಗಿದ್ದರೆ `GraphicsStateCollection` ಅಂತ ಬಂದಿದೆ. ಒಂದು ಸಲ ಗೇಮ್ ಪೂರ್ತಿ ಆಡಿ, ಬಳಸಿದ ಪೈಪ್‌ಲೈನ್ ಸ್ಥಿತಿಗಳನ್ನೆಲ್ಲ ಅದು ಬರೆದುಕೊಳ್ಳುತ್ತದೆ, ಆ ಫೈಲನ್ನು ಗೇಮಿನ ಜೊತೆ ಕಳಿಸಿ ಲೋಡಿಂಗ್‌ನಲ್ಲಿ ವಾರ್ಮಪ್ ಮಾಡಿಸಬಹುದು. ಗಮನಿಸಿ, ಫೈಲಿನಲ್ಲಿ ಇರುವುದು "ಏನೇನು ಬೇಕು" ಅನ್ನುವ ಪಟ್ಟಿ ಮಾತ್ರ. ಕಂಪೈಲ್ ಆಮೇಲೂ ಆಟಗಾರನ ಫೋನಿನಲ್ಲೇ.

ಹಳೇ ಯೂನಿಟಿ ಆದರೆ ನಾಟಿ ವಿಧಾನ: ಲೋಡಿಂಗ್ ಪರದೆಯ ಹಿಂದೆ, ಆಟದ ಅದೇ ಕ್ಯಾಮೆರಾದಲ್ಲಿ, ನಿಜವಾದ ನೀರನ್ನೇ ಒಂದು ಹನಿ ಹಾರಿಸಿಬಿಡುವುದು.

```csharp
IEnumerator Warm() {
    foreach (var ps in effects) {
        ps.transform.position =
            cam.transform.position + cam.transform.forward * 5f;
        ps.Emit(1);
        yield return null;
    }
}
```

ಎರಡು ಕಡೆ ಎಡವುತ್ತೀರಿ, ಮೊದಲೇ ಹೇಳುತ್ತೇನೆ. ಒಂದು, ಹನಿ ಕ್ಯಾಮೆರಾದ ಕಣ್ಣಳತೆಯಲ್ಲೇ ಇರಬೇಕು. ಯಾರಿಗೂ ಕಾಣಬಾರದು ಅಂತ ಕ್ಯಾಮೆರಾ ಹಿಂದೆ ಇಟ್ಟರೆ ಎಂಜಿನ್ ಅದನ್ನು ಬಿಡಿಸುವುದೇ ಇಲ್ಲ, ಪೈಪ್‌ಲೈನ್ ಆಗುವುದೂ ಇಲ್ಲ. ಲೋಡಿಂಗ್ ಚಿತ್ರ ಮೇಲಿನಿಂದ ಮುಚ್ಚಿದ್ದರೆ ತೊಂದರೆ ಇಲ್ಲ. ಎರಡು, ಎಲ್ಲವನ್ನೂ ಒಂದೇ ಫ್ರೇಮಿನಲ್ಲಿ ಹಾಕಬೇಡಿ. ಒಂದೊಂದು ಫ್ರೇಮಿಗೆ ಒಂದೊಂದು, ಅದಕ್ಕೇ `yield`. ಇಲ್ಲದಿದ್ದರೆ ಲೋಡಿಂಗ್ ಗಾಲಿ ತಿರುಗುವುದು ನಿಂತು, ಫೋನ್ ಸತ್ತಿದೆ ಅಂತ ಜನ ಬ್ಯಾಕ್ ಒತ್ತುತ್ತಾರೆ. ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ಆಂಡ್ರಾಯ್ಡೇ "ಆಪ್ ಪ್ರತಿಕ್ರಿಯಿಸುತ್ತಿಲ್ಲ" ಅಂತ ಪೆಟ್ಟಿಗೆ ತೆಗೆಯುತ್ತದೆ.

ಸೆಗ್‌ಫಾಲ್ಟ್‌ಶೆಟ್ಟಿ

ಯೂನಿಟಿಯವರು ಪುಣ್ಯವಂತರು ಮಾರಾಯ್ರೆ. ನಾನು ಸ್ವಂತ ಎಂಜಿನ್ ಸಿ++ನಲ್ಲಿ ಬರೆದು ಅನುಭವಿಸಿದ್ದು ಕೇಳಿ. ವಲ್ಕನ್‌ನಲ್ಲಿ `VkPipelineCache` ಅಂತ ಇದೆಯಲ್ಲ, ಅದನ್ನು ನಾವೇ `vkGetPipelineCacheData` ಕರೆದು ಫೈಲಿಗೆ ಬರೆಯಬೇಕು, ಮುಂದಿನ ಸಲ ವಾಪಸ್ ಕೊಡಬೇಕು. ನಾನು ಗೇಮ್ ಮುಚ್ಚುವಾಗ ಬರೆಯುವ ಹಾಗೆ ಮಾಡಿದ್ದೆ. ಕಂಪ್ಯೂಟರಿನಲ್ಲಿ ಸರಿ ನಡೆಯಿತು. ಫೋನಿನಲ್ಲಿ ಪ್ರತಿ ಸಲವೂ ಮೊದಲ ಸಲದ ಹಾಗೇ ನಿಲ್ಲುತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ, ಫೋನಿನಲ್ಲಿ ಯಾರು ಗೇಮ್ ಮುಚ್ಚುತ್ತಾರೆ? ಮೇಲಕ್ಕೆ ಒರೆಸಿ ಬಿಸಾಕುತ್ತಾರೆ. ನನ್ನ ಕೋಡ್ ಓಡಲೇ ಇಲ್ಲ, ಫೈಲ್ ಹುಟ್ಟಲೇ ಇಲ್ಲ.

ಆಮೇಲೆ ಆಪ್ ಹಿನ್ನೆಲೆಗೆ ಹೋದ ಕೂಡಲೇ ಬರೆಯುವ ಹಾಗೆ ಮಾಡಿದೆ. ಆಗ ಬರೆಯುತ್ತಿರುವಾಗಲೇ ಆಪ್ ಸತ್ತು ಫೈಲ್ ಅರ್ಧ ಆಗುತ್ತಿತ್ತು. ಅರ್ಧ ಫೈಲ್ ಕೊಟ್ಟರೆ ಒಂದು ಫೋನಿನ ಡ್ರೈವರ್ ನೇರ ಕ್ರ್ಯಾಶ್. ಈಗ ಬೇರೆ ಹೆಸರಿನಲ್ಲಿ ಬರೆದು, ಪೂರ್ತಿ ಆದಮೇಲೆ ಹೆಸರು ಬದಲಿಸುತ್ತೇನೆ. ಮುಂದೆ ನನ್ನದೇ ಒಂದು ಹ್ಯಾಶ್ ಹಾಕುತ್ತೇನೆ. ಓದುವಾಗ ಅದು ಹೊಂದದಿದ್ದರೆ, ಅಥವಾ ಹೆಡರಿನಲ್ಲಿರುವ `vendorID`, `deviceID`, `pipelineCacheUUID` ಈಗಿನ ಫೋನಿಗೆ ಸರಿಹೋಗದಿದ್ದರೆ, ಫೈಲನ್ನೇ ಬಿಸಾಕಿ ಹೊಸದಾಗಿ ಶುರು. ಡ್ರೈವರ್ ಅಪ್‌ಡೇಟ್ ಆದಾಗ ಆ ಯುಯುಐಡಿ ಬದಲಾಗುತ್ತದೆ.

ಸ್ಪೀಡ್‌ಬ್ರೇಕರ್

ಪೈಪ್‌ಲೈನನ್ನು ಬೇರೆ ಥ್ರೆಡ್‌ನಲ್ಲಿ ಮಾಡಿಸಿದರೆ ಆಗಲ್ವಾ? ಆಟ ನಿಲ್ಲುವುದೇ ಇಲ್ಲ.

ಸೆಗ್‌ಫಾಲ್ಟ್‌ಶೆಟ್ಟಿ

ಆಗುತ್ತದೆ, ವಲ್ಕನ್ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಅದು ತಯಾರಾಗುವ ತನಕ ಏನು ಬಿಡಿಸುತ್ತೀರಿ? ನಾನು ದೂರದ ಮರಗಿಡಕ್ಕೆ ಹಾಗೇ ಮಾಡುತ್ತೇನೆ, ಹತ್ತು ಫ್ರೇಮ್ ತಡವಾಗಿ ಮರ ಮೂಡಿದರೆ ಯಾರೂ ನೋಡುವುದಿಲ್ಲ. ಇವರ ಗೇಮಿನಲ್ಲಿ ನೀರೇ ಅಂಕ. ನೀರು ಕಾಣದೆ ನಿಶಾನೆ ಒದ್ದೆಯಾದರೆ ಕಂಬಳದವರು ಅಟ್ಟಾಡಿಸಿಕೊಂಡು ಬರುತ್ತಾರೆ.

ಅಂದಹಾಗೆ @ಕರೆಬದಿ ಅಡ್ಡಹಲಗೆ ಇದೆಯಾ ಗೇಮಿನಲ್ಲಿ? ಕೋಣ ಓಡುವ ಕರೆ ಎಷ್ಟು ಉದ್ದ ಇಟ್ಟಿದ್ದೀರಿ? ಮಂಜೊಟ್ಟಿ ಸರಿಯಾಗಿ ಮಾಡಿ, ಕೋಣ ಓಡಿ ಬಂದು ಹತ್ತಿ ನಿಲ್ಲುವ ಆ ದಿಬ್ಬ ಇಲ್ಲದಿದ್ದರೆ ಅದು ಕಂಬಳ ಅಲ್ಲ.

ಕರೆಬದಿ

ಮಂಜೊಟ್ಟಿ ಇದೆ ಶೆಟ್ರೆ, ಅಲ್ಲಿ ಸ್ಲೋ ಮೋಷನ್ ರಿಪ್ಲೇ ಕೂಡ ಇದೆ. ಅಡ್ಡಹಲಗೆ ಮುಂದಿನ ಅಪ್‌ಡೇಟ್.

ಐಫೋನ್‌ಅಜ್ಜಿ

ನನ್ನ ಮೊಮ್ಮಗ ಕೇಳುತ್ತಿದ್ದಾನೆ, ಐಫೋನಿಗೆ ವಲ್ಕನ್ ಯಾಕೆ ಇಲ್ಲ ಅಂತ.

ಮೂರನೇಬೆಂಚು

ಆ್ಯಪಲ್‌ನವರಿಗೆ ಅವರದೇ ಮೆಟಲ್ ಇದೆ ಅಮ್ಮ, 2014ರಿಂದ. ಓಪನ್‌ಜಿಎಲ್ ಇಎಸ್ ಅನ್ನು 2018ರಲ್ಲೇ ಹಳತು ಅಂತ ಸಾರಿದ್ದಾರೆ. ಅಲ್ಲೂ ಪೈಪ್‌ಲೈನ್ ಇದೆ, ಅಲ್ಲೂ ಮೊದಲ ಸಲದ ತೊಡಕು ಇದೆ.

ಕರೆಬದಿ

ಮೂರು ದಿನ ಆದಮೇಲೆ ಬರುತ್ತಿದ್ದೇನೆ. ಬೈಟುಕಾಫಿ ಹೇಳಿದ ನಾಟಿ ವಿಧಾನ ಹಾಕಿದೆವು. ಮೊದಲ ಸಲ ಎಡವಿದ್ದು ಅವರು ಹೇಳಿದ ಜಾಗದಲ್ಲೇ ಅಲ್ಲ, ಅದರ ಪಕ್ಕದಲ್ಲಿ. ತಮ್ಮ ಹನಿಯನ್ನು ಕಣ್ಣಳತೆಯಲ್ಲೇ ಇಟ್ಟಿದ್ದ, ಆದರೆ ಲೋಡಿಂಗ್‌ಗೆ ಅಂತ ಬೇರೆ ಕ್ಯಾಮೆರಾ ಮಾಡಿದ್ದ. ಅದರಲ್ಲಿ ಎಂಎಸ್‌ಎಎ ಇರಲಿಲ್ಲ. ಪೈಪ್‌ಲೈನ್ ಆಯಿತು, ಬೇರೆಯದೇ ಆಯಿತು. ಆಟದ ಕ್ಯಾಮೆರಾಗೆ ಬದಲಿಸಿದ ಮೇಲೆ, `pm clear` ಮಾಡಿ ಅಳೆದರೆ ನೀರಿನ ಫ್ರೇಮ್ ವಲ್ಕನ್‌ನಲ್ಲಿ 12 ಮಿಲಿಸೆಕೆಂಡ್, ಓಪನ್‌ಜಿಎಲ್‌ನಲ್ಲಿ 13. ಲೋಡಿಂಗ್ ಮೊದಲ ಸಲ ಒಂದೂವರೆ ಸೆಕೆಂಡ್ ಜಾಸ್ತಿ ಆಗಿದೆ, ಎರಡನೇ ಸಲದಿಂದ ಗೊತ್ತೇ ಆಗುವುದಿಲ್ಲ.

ಆದರೆ ವಲ್ಕನ್‌ನಲ್ಲಿ ಮಂಜೊಟ್ಟಿಯ ರಿಪ್ಲೇ ಶುರುವಾಗುವಾಗ ಇನ್ನೂ ಒಂದು ಕಡೆ 80 ಮಿಲಿಸೆಕೆಂಡ್ ನಿಲ್ಲುತ್ತದೆ. ಓಪನ್‌ಜಿಎಲ್‌ನಲ್ಲಿ ಇಲ್ಲ.

ಬೈಟುಕಾಫಿ

ರಿಪ್ಲೇ ಬೇರೆ ರೆಂಡರ್ ಟೆಕ್ಸ್ಚರ್‌ಗೆ ಬಿಡಿಸುತ್ತಿದ್ದೀರಾ?

ಕರೆಬದಿ

ಹೌದು. ಓಹ್. ಅದರಲ್ಲೂ ಎಂಎಸ್‌ಎಎ ಇಲ್ಲ. ಕೋಣ, ಹಲಗೆ, ನೀರು, ಜನ, ಎಲ್ಲದಕ್ಕೂ ಮತ್ತೊಂದು ಪೈಪ್‌ಲೈನ್. ಗೊತ್ತಾಯಿತು ಗೊತ್ತಾಯಿತು.

ಬೈಟುಕಾಫಿ

ಆ ಟೆಕ್ಸ್ಚರ್‌ಗೂ ಅದೇ ಫಾರ್ಮ್ಯಾಟ್, ಅದೇ ಎಂಎಸ್‌ಎಎ ಕೊಡಿ, ಹಳೇ ಪೈಪ್‌ಲೈನ್‌ಗಳೇ ನಡೆಯುತ್ತವೆ. ಮೆಮೊರಿ ಸಾಲದಿದ್ದರೆ ರಿಪ್ಲೇ ಕ್ಯಾಮೆರಾದಲ್ಲೂ ವಾರ್ಮಪ್ ಮಾಡಿಸಿ.

ಮೂರನೇಬೆಂಚು

ಹಾಗಾದರೆ ಕೊನೆಗೆ ಯಾವುದು ಇಡುತ್ತೀರಿ? ನಾನು ಈಗಲೂ ಓಪನ್‌ಜಿಎಲ್ ಒಂದೇ ಸಾಕು ಅನ್ನುತ್ತೇನೆ. ನಿಮ್ಮ ಅಳತೆಯೇ ಹೇಳುತ್ತಿದೆ, 12ಕ್ಕೂ 13ಕ್ಕೂ ಏನು ವ್ಯತ್ಯಾಸ? ರಿಪ್ಲೇ ತಲೆನೋವೂ ಇರುತ್ತಿರಲಿಲ್ಲ.

ಬೈಟುಕಾಫಿ

ನಿಮ್ಮ ಫೋನಿನಲ್ಲಿ ಇರುತ್ತಿರಲಿಲ್ಲ. ರಿಪ್ಲೇಗೆ ಒಳಗೊಳಗೇ ಮತ್ತೆ ಕಂಪೈಲ್ ಮಾಡುವ ಡ್ರೈವರ್ ಇನ್ನೊಬ್ಬರ ಫೋನಿನಲ್ಲಿ ಇದ್ದರೆ ನಿಮಗೆ ಅದರ ಸುಳಿವೂ ಸಿಗುವುದಿಲ್ಲ. ನಾನಾದರೆ ವಲ್ಕನ್ ಮೊದಲು, ಓಪನ್‌ಜಿಎಲ್ ಇಎಸ್ ಬೆನ್ನಿಗೆ, ಹಳೇ ಡ್ರೈವರ್ ಇರುವ ಫೋನುಗಳಿಗೆ ವಲ್ಕನ್ ಮುಚ್ಚಿಬಿಡುತ್ತೇನೆ.

ಮೂರನೇಬೆಂಚು

ಆ "ಹಳೇ ಡ್ರೈವರ್ ಪಟ್ಟಿ" ಯಾರು ಮಾಡುತ್ತಾರೆ, ನಮ್ಮಪ್ಪನಾ? ಇಬ್ಬರ ತಂಡ ಅದು.

ಕರೆಬದಿ

ಮನೆಯಲ್ಲೂ ಇದೇ ಜಗಳ ನಡೆಯುತ್ತಿದೆ. ಸದ್ಯಕ್ಕೆ ಓಪನ್‌ಜಿಎಲ್ ಇಎಸ್‌ನಲ್ಲಿ ಬಿಡುಗಡೆ, ಬೀಟಾದಲ್ಲಿ ವಲ್ಕನ್ ಅಂತ ಮಾಡಿದ್ದೇವೆ. ತಮ್ಮ ಗೆದ್ದೆ ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ, ವಾರ್ಮಪ್ ಬರೆದದ್ದು ನಾನು. ಬೇರೆ ಬೇರೆ ಫೋನ್ ಇರುವವರು ಬೀಟಾ ಆಡಿ ನೋಡುತ್ತೀರಾ? ಜಿಪಿಯು ಹೆಸರು, ಮೊದಲ ನೀರಿನ ಫ್ರೇಮ್ ಎಷ್ಟು ಅಂತ ಪರದೆಯ ಮೂಲೆಯಲ್ಲೇ ಬರುತ್ತದೆ, ಫೋಟೊ ಹಾಕಿದರೆ ಸಾಕು.

ಸೆಗ್‌ಫಾಲ್ಟ್‌ಶೆಟ್ಟಿ

ನಾನು ಬರುತ್ತೇನೆ. ಹಳೇ ಫೋನ್ ಎರಡು ಇದೆ, ಒಂದರ ಡಿಸ್ಪ್ಲೇ ಒಡೆದಿದೆ, ಆದರೆ ಮೂಲೆ ಕಾಣುತ್ತದೆ.

ಗೇಮರ್_ಗದಗ

ನಾನೂ ಆಡ್ತೀನಿ ರೀ. ಕ್ಲೀನರ್ ತೆಗದ್ ಒಗದೇನಿ. ಮೂರ್ ದಿನ ಆತು, ಮೊದಲ ಹಳ್ಳಿ ಒಳಗ ಹೋಗೂ ಮುಂದ ನಿಲ್ತಿತ್ತಲ್ಲ, ಈಗ ನಿಲ್ಲವಲ್ದು. ಕಾಳಗದಾಗ ಮಾತ್ರ ಇನ್ನೂ ನಿಲ್ತದ, ಫೋನ್ ಕಾವಲಿ ಹಂಗ ಸುಡ್ತದ.

ಬೈಟುಕಾಫಿ

ಅದು ಶೇಡರ್ ಅಲ್ಲ, ಬಿಸಿ. ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಅಲ್ಲಿ ಬರುತ್ತೇನೆ. ಬರುವಾಗ ಫೋನಿನ ಕವರ್ ತೆಗೆದು ಒಂದು ಸಲ ಆಡಿ ನೋಡಿ ಬನ್ನಿ.